ಇಬ್ಬರೂ ಏಳಬೇಡಿ: ಊರಿಂದ ದೂರ ಇದ್ದು ಕೂಸಿನ ರಾತ್ರಿಗಳನ್ನು ಹಂಚಿಕೊಳ್ಳುವ ಬಗೆ

ನಮ್ಮದು ತೀರ್ಥಹಳ್ಳಿ ಕಡೆ. ಇವರಿಗೆ ಕಲಬುರಗಿಯಲ್ಲಿ ಸರ್ಕಾರಿ ನೌಕರಿ. ಮಗು ಹುಟ್ಟಿದ್ದು ಇಲ್ಲೇ, ಫೆಬ್ರವರಿ ಕೊನೆಯಲ್ಲಿ. ಅಪ್ಪನಿಗೆ ಆಗಷ್ಟೇ ಆಪರೇಷನ್ ಆಗಿದ್ದರಿಂದ ಬಾಣಂತನಕ್ಕೆ ತವರಿಗೆ ಹೋಗುವ ಹಾಗಿರಲಿಲ್ಲ. ಅಮ್ಮನೇ ಹೇಗೋ ಬಿಡುವು ಮಾಡಿಕೊಂಡು ಬಂದು ಐದು ವಾರ ಇದ್ದರು. ಏಪ್ರಿಲ್ ಮೊದಲ ವಾರ ಅವರನ್ನು ಬಸ್ಸು ಹತ್ತಿಸಿ ಬಂದೆವು. ಆ ರಾತ್ರಿಯಿಂದ ಮನೆಯಲ್ಲಿ ನಾವು ಮೂವರೇ.

ಮೊದಲ ನಾಲ್ಕು ರಾತ್ರಿ ನಾವು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಮಗು ಅತ್ತಾಗಲೆಲ್ಲ ಇಬ್ಬರೂ ಎದ್ದು ಕೂತೆವು. ನಾನು ಹಾಲು ಕೊಡುತ್ತಿದ್ದರೆ ಇವರು ಪಕ್ಕದಲ್ಲಿ ಕೂತು ತೂಕಡಿಸುತ್ತಿದ್ದರು. ನಾನೊಬ್ಬಳೇ ಎದ್ದಿರಬಾರದು ಅನ್ನುವ ಕಾಳಜಿ ಅದು. ಐದನೇ ರಾತ್ರಿ ಇವರು ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಸೋಫಾದಲ್ಲಿ ಕೂತವರು ಹಾಗೇ ನಿದ್ದೆ ಹೋದರು. ನನಗೆ ಎಚ್ಚರವಾದಾಗ ಮಗು ಜಾರಿ, ಅವರ ತೋಳಿಗೂ ಸೋಫಾದ ಕೈಗೂ ನಡುವೆ ಮುಖ ಒತ್ತಿಕೊಂಡು ಮಲಗಿತ್ತು. ಏನೂ ಆಗಲಿಲ್ಲ. ಆದರೆ ಬೆಳಿಗ್ಗೆ ಇಬ್ಬರೂ ಒಂದು ಹಾಳೆ ತೆಗೆದುಕೊಂಡು ಕೂತೆವು. ಅವತ್ತು ಬರೆದು, ಆಮೇಲೆ ತಿದ್ದುತ್ತಾ ಹೋದ ಲೆಕ್ಕವೇ ಈ ಬರಹ.

ಐದು ಗಂಟೆಯ ಲೆಕ್ಕ

ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ, ಅಲ್ವಾ? ಆದರೆ ಅದು ಎರಡು ಮೂರು ಗಂಟೆಯ ತುಂಡುಗಳಲ್ಲಿ. ಹಗಲು ರಾತ್ರಿ ಅನ್ನುವ ಭೇದ ಮೊದಲ ಕೆಲವು ವಾರ ಅದಕ್ಕೆ ಗೊತ್ತೇ ಇರುವುದಿಲ್ಲ. ದಿನಕ್ಕೆ 8ರಿಂದ 12 ಸಲ ಹಾಲು ಬೇಕು. ಹಾಲು ಕುಡಿಸಿ, ತೇಗು ಬರಿಸಿ, ಬಟ್ಟೆ ಬದಲಿಸಿ, ಮತ್ತೆ ಮಲಗಿಸುವಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ. ಹಾಗಾಗಿ ಇಬ್ಬರೂ ಎದ್ದರೆ ಇಬ್ಬರಿಗೂ ಸಿಗುವುದು ಒಂದೂವರೆ ಗಂಟೆಯ ಚೂರುಗಳು ಮಾತ್ರ.

ನಮ್ಮ ನಿದ್ದೆಯ ಒಂದು ಸುತ್ತು ಹೆಚ್ಚು ಕಡಿಮೆ 90 ನಿಮಿಷದ್ದು. ಇಂಥ ಸುತ್ತುಗಳು ಒಂದರ ಹಿಂದೊಂದು ನಡೆದರೆ ಮೈ ಮನಸ್ಸು ಹಗುರಾಗುತ್ತವೆ. ಒಂದೊಂದೇ ಸುತ್ತಿಗೆ ಎಬ್ಬಿಸುತ್ತಿದ್ದರೆ, ಒಟ್ಟು ಕೂಡಿಸಿದಾಗ ಏಳು ಗಂಟೆ ಆದರೂ ಬೆಳಿಗ್ಗೆ ತಲೆ ಭಾರವೇ. ಅದಕ್ಕೇ ನಾವು ಎಂಟು ಗಂಟೆ ನಿದ್ದೆಯ ಆಸೆ ಬಿಟ್ಟೆವು. ಇಬ್ಬರಲ್ಲಿ ಪ್ರತಿಯೊಬ್ಬರಿಗೂ ದಿನಕ್ಕೆ ಒಮ್ಮೆ ನಾಲ್ಕೂವರೆಯಿಂದ ಐದು ಗಂಟೆ ಯಾರೂ ಎಬ್ಬಿಸದ ನಿದ್ದೆ ಸಿಕ್ಕರೆ ಸಾಕು ಅಂತ ಗುರಿ ಇಟ್ಟುಕೊಂಡೆವು. ಮಿಕ್ಕದ್ದು ಚೂರು ಚೂರಾಗಿ ಬಂದರೂ ನಡೆಯುತ್ತದೆ.

ಇದಕ್ಕೆ ರಾತ್ರಿಯನ್ನು ಎರಡು ಪಾಳಿ ಮಾಡಬೇಕು. ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ಏಳಲೇಬಾರದು. ಬರೆಯುವುದಕ್ಕೆ ಇಷ್ಟು ಸುಲಭ. ನಡೆಸಲು ಹೋದರೆ ಹಾಲು, ಜಾಗ, ಸೆಕೆ ಒಂದೊಂದಾಗಿ ಅಡ್ಡ ಬರುತ್ತವೆ.

ಶುರು ಮಾಡುವ ಮುಂಚೆ

ಮೊದಲ ಮೂರು ನಾಲ್ಕು ವಾರ ಪೂರ್ತಿ ಪಾಳಿ ಬೇಡ. ಆಗ ಎದೆಹಾಲು ಇನ್ನೂ ಕುದುರುತ್ತಿರುತ್ತದೆ. ರಾತ್ರಿ ಮಗು ಕುಡಿದಷ್ಟೂ ಹಾಲು ಹೆಚ್ಚುತ್ತದೆ, ದಿನವೂ ದೀರ್ಘ ಹೊತ್ತು ಬಿಟ್ಟರೆ ಕಡಿಮೆಯಾಗುತ್ತದೆ. ಆ ದಿನಗಳಲ್ಲಿ ಅರ್ಧ ಪಾಳಿ ಮಾಡಿ. ಮಗು ಎದ್ದಾಗ ಅಪ್ಪ ಎತ್ತಿಕೊಂಡು ಬಂದು ಅಮ್ಮನ ಮಗ್ಗುಲಿಗೆ ಕೊಡಬೇಕು. ಕುಡಿದು ಮುಗಿಸಿದ ಕೂಡಲೇ ಒಯ್ಯಬೇಕು. ತೇಗು, ಬಟ್ಟೆ, ಮಲಗಿಸುವುದು ಎಲ್ಲ ಅವರದೇ. ರಾತ್ರಿ ಸಮಯ ತಿನ್ನುವುದು ಹಾಲು ಕೊಡುವ ಕೆಲಸವಲ್ಲ, ಅದಾದ ಮೇಲಿನದ್ದು. ಇಷ್ಟು ಮಾಡಿದರೂ ಅಮ್ಮನಿಗೆ ಒಂದು ಗಂಟೆಯ ಎಚ್ಚರ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಹಾಲು ಹಿಂಡಿ ತೆಗೆಯುವುದು ಒಗ್ಗದವರು ಕೊನೆಯವರೆಗೂ ಇದನ್ನೇ ಮಾಡಬಹುದು. ಅದರಲ್ಲಿ ತಪ್ಪೇನಿಲ್ಲ. ಮಲಗಿಯೇ ಕುಡಿಸುವಾಗ ಅಮ್ಮನಿಗೆ ಜೊಂಪು ಹತ್ತಬಹುದು, ಆದ್ದರಿಂದ ಕುಡಿದು ಮುಗಿಯುವ ತನಕ ಅಪ್ಪ ಎಚ್ಚರವಾಗಿ ಪಕ್ಕದಲ್ಲೇ ಇರಬೇಕು.

ಪೂರ್ತಿ ಪಾಳಿಗೆ ಹೋಗುವ ಮುಂಚೆ ಮಕ್ಕಳ ಡಾಕ್ಟರ ಹತ್ತಿರ ಒಮ್ಮೆ ತೂಕ ನೋಡಿಸಿ. ಹುಟ್ಟಿದಾಗ ಇದ್ದ ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿದು, ಸುಮಾರು ಎರಡು ವಾರಕ್ಕೆ ವಾಪಸ್ ಬಂದಿರಬೇಕು. ದಿನಕ್ಕೆ ಆರು ಅಥವಾ ಹೆಚ್ಚು ಸಲ ಉಚ್ಚೆ ಹೋಗುತ್ತಿರಬೇಕು. ದಿನ ತುಂಬುವ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆ ಇರುವ ಕೂಸಾದರೆ ಡಾಕ್ಟರು ಹೇಳಿದ ಹೊತ್ತಿಗೇ ಎಬ್ಬಿಸಿ ಕುಡಿಸಬೇಕು. ಅವರನ್ನು ಕೇಳದೆ ಏನನ್ನೂ ಬದಲಿಸಬೇಡಿ.

ಇವರ 15 ದಿನದ ಪಿತೃತ್ವ ರಜೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಹೆರಿಗೆಯಾದ ದಿನವೇ ಶುರು ಮಾಡಿ, ನನ್ನ ಅಮ್ಮ ಮನೆಯಲ್ಲಿ ಇದ್ದಾಗಲೇ ಅದನ್ನು ಮುಗಿಸಿಬಿಟ್ಟೆವು. ಆಸ್ಪತ್ರೆಯ ನಾಲ್ಕು ದಿನಕ್ಕೆ ಗಳಿಕೆ ರಜೆ ಹಾಕಿ, ಇದನ್ನು ಅಮ್ಮ ಊರಿಗೆ ಹೋಗುವ ದಿನಕ್ಕೆ ಉಳಿಸಿಕೊಳ್ಳಬೇಕಿತ್ತು. ನಿಮ್ಮ ಇಲಾಖೆಯಲ್ಲಿ ಎಷ್ಟು ದಿನದೊಳಗೆ ತೆಗೆದುಕೊಳ್ಳಬಹುದು ಅಂತ ಮೊದಲೇ ಕೇಳಿಕೊಂಡು, ಒಬ್ಬರೇ ಆಗುವ ವಾರಕ್ಕೆ ಇಟ್ಟುಕೊಳ್ಳಿ. ಖಾಸಗಿಯವರಿಗೆ ಇಂಥ ರಜೆ ಸಿಗುವುದು ಕಂಪನಿಯ ಮನಸ್ಸಿನ ಮೇಲೆ.

ಒಂದು ಒಳಲೆ ಹಾಲು

ಐದು ಗಂಟೆ ಮಲಗಬೇಕಾದರೆ ನಡುವಿನ ಒಂದು ಸಲದ ಹಾಲನ್ನು ಬೇರೆಯವರು ಕೊಡಬೇಕು. ಬೇಕಾಗುವುದು ಅದೊಂದೇ ಸಲದ್ದು. ಡಬ್ಬಗಟ್ಟಲೆ ಕೂಡಿಡಬೇಕು ಅಂತ ಹೆದರಬೇಡಿ. ಐದಾರು ವಾರದ ನಮ್ಮ ಮಗು ಒಮ್ಮೆಗೆ 80 ಮಿಲಿಲೀಟರ್ ಕುಡಿಯುತ್ತಿತ್ತು. ಮಗುವಿಂದ ಮಗುವಿಗೆ ಇದು ಬೇರೆ. 60ರಿಂದ ಶುರು ಮಾಡಿ ನೋಡಿಕೊಳ್ಳಬಹುದು.

ಹಾಲು ಜಾಸ್ತಿ ಇರುವುದು ಬೆಳಗಿನ ಹೊತ್ತು. ಮಗು ಕುಡಿದ ಅರ್ಧ ಗಂಟೆ ಬಿಟ್ಟು ಕೈಯಿಂದಲೋ ಪಂಪಿನಿಂದಲೋ ಹದಿನೈದು ಇಪ್ಪತ್ತು ನಿಮಿಷ ಹಿಂಡಿ ತೆಗೆಯಿರಿ. ಮೊದಲ ದಿನ ನನಗೆ ಬಂದದ್ದು 25 ಮಿಲಿಲೀಟರ್. ಅಳು ಬಂತು. ಅದು ಹಾಲು ಕಡಿಮೆ ಇದೆ ಅನ್ನುವುದಕ್ಕೆ ಗುರುತಲ್ಲ, ಮೈಗೆ ಅಭ್ಯಾಸವಿಲ್ಲ ಅಷ್ಟೇ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ತೆಗೆಯುತ್ತಾ ನಾಲ್ಕೈದು ದಿನದಲ್ಲಿ ದಿನಕ್ಕೆ 80 ಬರತೊಡಗಿತು. ಎರಡನೇ ಸಲದ್ದನ್ನು ಮೊದಲು ಬೇರೆ ಬಟ್ಟಲಲ್ಲಿ ಫ್ರಿಜ್ಜಿನಲ್ಲಿ ತಣ್ಣಗಾಗಿಸಿ, ಆಮೇಲೆ ಬೆಳಗಿನದ್ದಕ್ಕೆ ಸೇರಿಸಬೇಕು. ಬಿಸಿಯದ್ದನ್ನು ನೇರ ಸುರಿಯಬಾರದು. (ಕಲಬುರಗಿಯಲ್ಲಿ ಹಿಂಡಿ ಅಂದರೆ ಶೇಂಗಾ ಚಟ್ನಿಪುಡಿ. "ಹಿಂಡಿ ಫ್ರಿಜ್ಜಿನಲ್ಲಿದೆ" ಅಂತ ನಾನು ಹೇಳಿದ್ದಕ್ಕೆ ಕೆಳಗಿನ ಮನೆಯವರು ರೊಟ್ಟಿ ತಂದುಕೊಟ್ಟಿದ್ದುಂಟು.)

ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಇರುತ್ತದೆ ಅನ್ನುವ ಮಾತು ಕೇಳಿರುತ್ತೀರಿ. ಅದು 25 ಡಿಗ್ರಿಯ ಕೋಣೆಯ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಹೊರಗೆ 42 ದಾಟುತ್ತದೆ, ಮನೆಯೊಳಗೆ ರಾತ್ರಿಯೂ ಗೋಡೆ ಬೆಚ್ಚಗಿರುತ್ತದೆ. ಇಲ್ಲಿ ಆ ಲೆಕ್ಕ ಹಿಡಿಯಬೇಡಿ. ತೆಗೆದ ಕೂಡಲೇ ಮುಚ್ಚಳ ಹಾಕಿ ಫ್ರಿಜ್ಜಿನ ಒಳಮೂಲೆಯಲ್ಲಿ ಇಡಿ, ಬಾಗಿಲಿನ ಅರೆಯಲ್ಲಿ ಅಲ್ಲ. ಅಲ್ಲಿ ನಾಲ್ಕು ದಿನದವರೆಗೆ ಇಡಬಹುದು, ನಾವು ಮಾತ್ರ ಅವತ್ತಿನದ್ದನ್ನು ಅವತ್ತೇ ಮುಗಿಸುತ್ತಿದ್ದೆವು. ಕರೆಂಟ್ ಹೋದರೆ ಬಾಗಿಲು ತೆರೆಯದೆ ಬಿಡಿ, ಸುಮಾರು ನಾಲ್ಕು ಗಂಟೆ ತಂಪು ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ಹೋಗಿದ್ದರೆ ಆ ಹಾಲು ಚೆಲ್ಲಿ. ಮನಸ್ಸಿಗೆ ಕಷ್ಟ, ಆದರೂ ಚೆಲ್ಲಿ.

ರಾತ್ರಿ ಕೊಡುವಾಗ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು. ಒಲೆಯ ಮೇಲೆ ಕುದಿಸಬಾರದು. ಬೆಚ್ಚಗೆ ಮಾಡಿದ್ದನ್ನು ಎರಡು ಗಂಟೆಯೊಳಗೆ ಮುಗಿಸಬೇಕು. ಮಿಕ್ಕದ್ದನ್ನು ಮತ್ತೆ ಫ್ರಿಜ್ಜಿಗೆ ಇಡುವ ಹಾಗಿಲ್ಲ.

ಬಾಟಲಿಗಿಂತ ಒಳಲೆ, ಅಂದರೆ ಮೂತಿ ಇರುವ ಪುಟ್ಟ ಬಟ್ಟಲು, ನಮಗೆ ಒಳ್ಳೆಯದಾಯಿತು. ತೊಳೆಯುವುದೂ ಕುದಿಸುವುದೂ ಸುಲಭ. ಮಗುವನ್ನು ಮಡಿಲಲ್ಲಿ ಅರ್ಧ ಎದ್ದು ಕೂತ ಹಾಗೆ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಮಗು ತಾನೇ ಚಪ್ಪರಿಸಿ ಎಳೆದುಕೊಳ್ಳಲು ಬಿಡಬೇಕು. ಬಾಯೊಳಗೆ ಸುರಿಯಬಾರದು, ನೆತ್ತಿಗೆ ಏರುತ್ತದೆ. ಇವರು ಮೊದಲ ಮೂರು ದಿನ ಅರ್ಧ ಹಾಲು ಮಗುವಿನ ಕೊರಳಿಗೇ ಕುಡಿಸಿದರು. ವಾರದಲ್ಲಿ ಕೈ ಕೂತಿತು. ಕಲಿಯುವುದನ್ನು ಹಗಲು ಹೊತ್ತು ಕಲಿಯಿರಿ, ಮತ್ತು ಆಗ ಅಮ್ಮ ಎದುರಿಗೆ ಇರಬೇಡಿ. ಅಮ್ಮನ ವಾಸನೆ ಹತ್ತಿದರೆ ಮಗು ಒಳಲೆ ಮುಟ್ಟುವುದಿಲ್ಲ.

ಅಮ್ಮ ಮಲಗುವ ಮುಂಚೆ ಮಗುವಿಗೆ ಎರಡೂ ಕಡೆ ಚೆನ್ನಾಗಿ ಕುಡಿಸಬೇಕು. ಮೊದಲ ರಾತ್ರಿಗಳಲ್ಲಿ ನಾಲ್ಕನೇ ಗಂಟೆಗೆ ಎದೆ ಕಲ್ಲಾಗಿ ಎಚ್ಚರವಾಗುತ್ತದೆ. ಆಗ ನೋವು ಇಳಿಯುವಷ್ಟು ಮಾತ್ರ ತೆಗೆದು ಮತ್ತೆ ಮಲಗಿ. ಒಂದು ಕಡೆ ಕೆಂಪಗಾಗಿ, ಮುಟ್ಟಿದರೆ ಸುಡುತ್ತಿದ್ದು, ಜ್ವರ ಚಳಿ ಬಂದರೆ ಅದು ಸುಮ್ನೆ ಬಿಗಿತ ಅಲ್ಲ, ಸೋಂಕು. ಮಗುವಿಗೆ ಕುಡಿಸುವುದನ್ನು ನಿಲ್ಲಿಸದೆ ಅವತ್ತೇ ಡಾಕ್ಟರನ್ನು ಕಾಣಬೇಕು.

ಎಲ್ಲಿ ಮಲಗುವುದು?

ಒಂದೇ ಕೋಣೆಯಲ್ಲಿ ಪಾಳಿ ನಡೆಯುವುದಿಲ್ಲ. ಮಗು ಸಣ್ಣಗೆ ಮುಲುಗಿದರೂ ಅಮ್ಮ ಏಳುತ್ತಾಳೆ. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ, ಕೂಲರ್ ಒಂದೇ. ಅದು ಮಗುವಿನ ಕೋಣೆಗೆ. ನನ್ನ ಪಾಳಿ ಬರುವ ತನಕ ನಾನು ಹಿಂದಿನ ಕೋಣೆಯಲ್ಲಿ ಟೇಬಲ್ ಫ್ಯಾನ್ ಹಾಕಿಕೊಂಡು, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ ಮಲಗುತ್ತಿದ್ದೆ. ಫ್ಯಾನಿನ ಗುಯ್ಯೆನ್ನುವ ಸದ್ದು ಅಳುವನ್ನೂ ಮರೆಸುತ್ತಿತ್ತು. ಇವರ ನಿದ್ದೆಗೆ ಜಾಗ ಹುಡುಕಿಕೊಟ್ಟದ್ದು ಕಲಬುರಗಿಯೇ. ಇಲ್ಲಿ ಬೇಸಿಗೆ ಬಂದರೆ ಜನ ಮಾಳಿಗೆಯ ಮೇಲೆ ಮಲಗುತ್ತಾರೆ. ಇವರೂ ಸೊಳ್ಳೆಪರದೆ ಹಿಡಿದು ಮಾಳಿಗೆ ಹತ್ತಿದರು. ರಾತ್ರಿ ಒಂದೂವರೆ ಹೊತ್ತಿಗೆ ಅಲ್ಲಿ ಗಾಳಿ ತಣ್ಣಗಿರುತ್ತದೆ, ಅಳು ಕೇಳುವುದಿಲ್ಲ. ಫೋನು ಮಾತ್ರ ದಿಂಬಿನ ಪಕ್ಕ.

ಮಗುವಿನ ಜಾಗದ ವಿಷಯದಲ್ಲಿ ರಾಜಿ ಇಲ್ಲ. ಬೆನ್ನ ಮೇಲೆ ಮಲಗಿಸಬೇಕು. ಹಾಸು ಗಟ್ಟಿಯಾಗಿ, ಸಮನಾಗಿ ಇರಬೇಕು. ದಿಂಬು, ದಪ್ಪ ಕೌದಿ, ಬದಿಗೆ ಒತ್ತಿಡುವ ಬಟ್ಟೆ ಸುರುಳಿ ಯಾವುದೂ ಬೇಡ. ಸೀರೆ ಕಟ್ಟಿದ ಜೋಲಿಯಲ್ಲಿ ಹಗಲು ಕಣ್ಣೆದುರಿಗೆ ತೂಗಿ ಮಲಗಿಸಿದರೂ, ನಿದ್ದೆ ಹತ್ತಿದ ಮೇಲೆ ಸಮತಟ್ಟಿನ ಹಾಸಿಗೆಗೆ ತರಬೇಕು. ಅದರಲ್ಲಿ ಕೂಸಿನ ಗದ್ದ ಎದೆಗೆ ಒತ್ತಿ ಉಸಿರು ಕಟ್ಟಬಹುದು. ಕೂಲರ್ ಗಾಳಿ ನೇರ ಮೈಗೆ ಬೀಳದಂತೆ ಗೋಡೆ ಕಡೆ ತಿರುಗಿಸಿ. ಅದರ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ, ತೊಟ್ಟಿ ಒರೆಸಿ ತುಂಬಿ, ಇಲ್ಲದಿದ್ದರೆ ಸೊಳ್ಳೆ ಅಲ್ಲೇ ಹುಟ್ಟುತ್ತದೆ.

ಪಾಳಿಯಲ್ಲಿ ಇರುವವರು ಮಗುವನ್ನು ಹಿಡಿದು ಸೋಫಾ, ಕುರ್ಚಿಯಲ್ಲಿ ಒರಗಿ ಕೂರಬಾರದು. ತೂಕಡಿಕೆ ಬಂದರೆ ಮಗುವನ್ನು ಅದರ ಹಾಸಿಗೆಯಲ್ಲಿ ಮಲಗಿಸಬೇಕು. ಅಳುತ್ತಿದ್ದರೂ ಸರಿ, ಐದು ನಿಮಿಷ ಅಳಲಿ, ಮುಖ ತೊಳೆದುಕೊಂಡು ಬನ್ನಿ. ನೆಗಡಿ ಮಾತ್ರೆ ತಿಂದ ರಾತ್ರಿ, ಕುಡಿದ ರಾತ್ರಿ ಪಾಳಿ ಹಿಡಿಯುವ ಹಾಗೇ ಇಲ್ಲ. ಅಂಥವರ ಪಕ್ಕದಲ್ಲಿ ಮಗುವನ್ನು ಮಲಗಿಸುವ ಹಾಗೂ ಇಲ್ಲ.

ಏಪ್ರಿಲ್‌ನ ಒಂದು ದಿನ

ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ. ನಮ್ಮ ಪಾಳಿ ನಿಂತಿದ್ದು ಇದರ ಮೇಲೆ.

ರಾತ್ರಿ 8ಕ್ಕೆ ನಾನು ಹಾಲು ಕೊಟ್ಟು, 8:30ಕ್ಕೆ ಹಿಂದಿನ ಕೋಣೆ ಸೇರುತ್ತಿದ್ದೆ. ಆ ಹೊತ್ತಿನಲ್ಲೇ ಮಗು ಜಾಸ್ತಿ ಅಳುವುದು. ಆರು ವಾರದ ಹೊತ್ತಿಗೆ ಈ ಸಂಜೆಯ ಅಳು ಮೇರೆ ಮೀರುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಇವರು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಓಡಾಡುತ್ತಿದ್ದರು. 10:45ಕ್ಕೆ ಒಳಲೆ ಹಾಲು. 11:30ಕ್ಕೆ ಮಗು ಮಲಗಿದ ಮೇಲೆ ಇವರೂ ಪಕ್ಕದ ಮಂಚದಲ್ಲಿ ಅಡ್ಡಾಗುತ್ತಿದ್ದರು. 1:30ಕ್ಕೆ ನನ್ನನ್ನು ಎಬ್ಬಿಸುವುದು. ಆಗ ಮಾತಿಲ್ಲ, ದೀಪ ಹಾಕುವುದಿಲ್ಲ. ಯಾವಾಗ ಕುಡಿಯಿತು, ಎಷ್ಟು ಸಲ ಒದ್ದೆ ಮಾಡಿತು ಅನ್ನುವುದನ್ನು ಕ್ಯಾಲೆಂಡರಿನ ಅಂಚಿಗೆ ಬರೆದಿರುತ್ತಿದ್ದರು. ಮಾತಿಗೆ ಶುರುವಿಟ್ಟರೆ ಜಗಳವೂ ಶುರುವಾಗುತ್ತದೆ. ರಾತ್ರಿ ಒಂದೂವರೆಯ ಜಗಳದಲ್ಲಿ ಇಬ್ಬರ ಮಾತೂ ಸರಿ ಇರುವುದಿಲ್ಲ.

1:30ರಿಂದ 6:30 ಇವರು ಮಾಳಿಗೆಯಲ್ಲಿ. ನಾನು 1:30, 4, 6ಕ್ಕೆ ಹಾಲು ಕೊಟ್ಟು, ನಡುನಡುವೆ ಮಲಗುತ್ತಿದ್ದೆ. 6:30ಕ್ಕೆ ಕೆಳಗೆ ಬಂದವರೇ ಮಗುವನ್ನು ತೆಗೆದುಕೊಂಡು, ಮುಕ್ಕಾಲು ಗಂಟೆ ನನ್ನನ್ನು ಮಲಗಲು ಬಿಟ್ಟು, ಆಮೇಲೆ ಕಚೇರಿಗೆ. ಮಧ್ಯಾಹ್ನ ಎರಡಕ್ಕೆ ಬಂದು ಉಂಡು, 2:30ರಿಂದ 4 ಅವರ ನಿದ್ದೆ. ಬೇಸಿಗೆಯಲ್ಲಿ ಇಡೀ ಊರೇ ಆ ಹೊತ್ತಿಗೆ ಮಲಗಿರುತ್ತದೆ, ಬಾಗಿಲು ಬಡಿಯುವವರು ಇಲ್ಲ.

ಹೀಗೆ ಇಬ್ಬರಿಗೂ ಐದೈದು ಗಂಟೆಯ ಗಟ್ಟಿ ನಿದ್ದೆ ಸಿಕ್ಕಿತು. ಎಲ್ಲ ರಾತ್ರಿಯೂ ಅಲ್ಲ. ವಾರದಲ್ಲಿ ಎರಡು ರಾತ್ರಿ ಕೈಕೊಡುತ್ತಿತ್ತು. ಮಗು 12ಕ್ಕೇ ಮತ್ತೆ ಹಸಿದು ಅಳುತ್ತಿತ್ತು, ಒಳಲೆ ಖಾಲಿಯಾಗಿರುತ್ತಿತ್ತು. ಅಂಥ ರಾತ್ರಿ ಇವರು ಮಗುವನ್ನು ಎತ್ತಿ ತಂದು ನನ್ನ ಪಕ್ಕ ಹಿಡಿದು, ಕುಡಿದ ಮೇಲೆ ಒಯ್ಯುತ್ತಿದ್ದರು. ಅರ್ಧ ಪಾಳಿಗೆ ಇಳಿದರೂ ಪಾಳಿ ಬಿಡಲಿಲ್ಲ.

ರಾತ್ರಿಗೆ ಬೇಕಾದ ನೆರವು ಹಗಲಲ್ಲಿ ಇದೆ

ರಾತ್ರಿ ನಿಮ್ಮ ಮನೆಗೆ ಬಂದು ಮಗು ನೋಡುವವರು ಯಾರೂ ಸಿಗುವುದಿಲ್ಲ. ಅದನ್ನು ಕೇಳಲೂ ಆಗುವುದಿಲ್ಲ. ಆದರೆ ಹಗಲು ಒಂದೂವರೆ ಗಂಟೆ ಸಿಕ್ಕರೆ ಅದು ರಾತ್ರಿಯ ಸಾಲವನ್ನು ತೀರಿಸುತ್ತದೆ. ಇದು ಗೊತ್ತಾಗಲು ನನಗೆ ಮೂರು ವಾರ ಬೇಕಾಯಿತು.

ಕೆಳಗಿನ ಮನೆಯಲ್ಲಿ ಮಾಲೀಕರ ತಾಯಿ ಇದ್ದರು. ಎಲ್ಲರ ಹಾಗೆ ನಾನೂ ಆಯಿ ಅಂತಲೇ ಕರೆಯುತ್ತಿದ್ದೆ. ಒಂದು ಬೆಳಿಗ್ಗೆ ಮೆಟ್ಟಿಲ ಹತ್ತಿರ ತಡೆದು ಕೇಳಿದರು: "ಯಾಕವ್ವ, ರಾತ್ರಿ ಭಾಳ ಅಳ್ಲತ್ತಿತ್ತಲ್ಲ ಕೂಸು?" ಬೈಯುತ್ತಿದ್ದಾರೆ ಅಂದುಕೊಂಡು ನಾನು ಕ್ಷಮೆ ಕೇಳಿದೆ. "ಅದಕ್ಕಲ್ಲವ್ವ, ಒಂದ್ ಮಾತು ಕರಿಬಾರ್ದೇನು? ನಾ ಮಲಗಂಗೇ ಇಲ್ಲ" ಅಂದರು. ನಮ್ಮ ಕಡೆಯವರಿಗೆ ಕೇಳುವುದೆಂದರೆ ಸಂಕೋಚ. ಇಲ್ಲಿ ಕೇಳದೇ ಇರುವುದು ಅವರಿಗೆ ಬೇಸರ.

ಆದರೂ ಕೇಳುವಾಗ ಹೊತ್ತು ಹೇಳಿ ಕೇಳಿ. "ಸ್ವಲ್ಪ ನೋಡ್ಕೊಳ್ಳಿ" ಅಂದರೆ ಅವರಿಗೂ ತಿಳಿಯುವುದಿಲ್ಲ, ನಿಮಗೂ ನೆಮ್ಮದಿ ಇರುವುದಿಲ್ಲ. "ಆಯಿ, ದಿನಾ ಸಂಜೆ ಐದರಿಂದ ಆರೂವರೆ ತನಕ ಕೂಸು ನಿಮ್ಮ ಹತ್ರ ಇರಲಾ? ಹಾಲು ಕೊಟ್ಟು ತರ್ತೀನಿ" ಅಂತ ಕೇಳಿದೆ. ಅಷ್ಟು ಹೊತ್ತು ಅವರ ಪಡಸಾಲೆಯಲ್ಲಿ ಮಗು, ಮೇಲೆ ನಾನು ನಿದ್ದೆ. ಅದಕ್ಕೆ ಬದಲಾಗಿ ಆಯಿಯ ಬಿಪಿ ಮಾತ್ರೆ ತರುವುದು, ಪಿಂಚಣಿ ಕಾಗದ ಓದಿ ಹೇಳುವುದು ಇವರ ಕೆಲಸವಾಯಿತು. ಯಾರೂ ಲೆಕ್ಕ ಇಡಲಿಲ್ಲ, ಆದರೆ ಎರಡೂ ಕಡೆ ಇತ್ತು.

ಎರಡನೆಯವರು ಕೂಸನ್ನು ಎರೆಯಲು ಬರುವ ಹೆಂಗಸು. ಹೆರಿಗೆ ಆಸ್ಪತ್ರೆಯ ಆಯಾಗಳನ್ನೋ ಓಣಿಯವರನ್ನೋ ಕೇಳಿದರೆ ಗೊತ್ತುಮಾಡಿಕೊಡುತ್ತಾರೆ. ಒಂಬತ್ತೂವರೆಗೆ ಬಂದು ಎಣ್ಣೆ ಹಚ್ಚಿ ಎರೆದು ಹೋದ ಮೇಲೆ ಮಗು ಎರಡು ಗಂಟೆ ಮಲಗುತ್ತದೆ. ಅದು ಹಗಲಿನ ಅತಿ ಉದ್ದದ ನಿದ್ದೆ. ನಾನು ಆಗ ಅಡುಗೆಗೆ ನಿಲ್ಲುತ್ತಿದ್ದೆ, ಮೂರ್ಖತನ. ಆಮೇಲೆ ಮಗುವಿನ ಜೊತೆ ನಾನೂ ಮಲಗಿಬಿಡುತ್ತಿದ್ದೆ. ಅವರಿಗೆ ಎರಡು ಮಾತು ಮೊದಲೇ ಹೇಳಿದ್ದೆ: ಮೂಗು ಕಿವಿಗೆ ಎಣ್ಣೆ ಬಿಡುವುದು ಬೇಡ, ಮುಖಕ್ಕೆ ಲೋಬಾನದ ಹೊಗೆ ಬೇಡ.

ಅಡುಗೆ ಏನು ಮಾಡಿದೆವು? ಊಟದ ಅರ್ಧವನ್ನು ಕೊಂಡೆವು. ಕಲಬುರಗಿಯಲ್ಲಿ ಓಣಿಗೊಂದು ರೊಟ್ಟಿ ಮಾಡಿ ಮಾರುವ ಮನೆ ಇದೆ. ಖಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಭಾನುವಾರ ನಲವತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ತಂದಿಟ್ಟರೆ ಆಯಿತು. ಕುಕ್ಕರಿನಲ್ಲಿ ತೊಗರಿಬೇಳೆ, ಒಂದು ಪಲ್ಯ, ಮೊಸರು. ಅನ್ನ ತಿಂದು ಬೆಳೆದ ಮಲೆನಾಡಿನವಳಿಗೆ ಮೊದಲ ವಾರ ದವಡೆ ನೋವು. ರಾತ್ರಿ ಮೂರಕ್ಕೆ ಬಾಣಂತಿಯ ಹಸಿವು ಬಂದಾಗ ಒಲೆ ಹಚ್ಚದೆ ತಿನ್ನಲು ಸಿಗುವುದು ಅದೇ, ಜೊತೆಗೊಂದು ಅಂಟಿನ ಉಂಡಿ.

ಮೂರನೆಯವರು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬಂದು ಕೂಸಿನ ತೂಕ, ಜ್ವರ, ಹೊಕ್ಕುಳು ನೋಡಬೇಕು. ಬಾಡಿಗೆ ಮನೆಯವರ ಹೆಸರು, ಬೇರೆ ಊರಲ್ಲಿ ತಾಯಿ ಕಾರ್ಡ್ ಮಾಡಿಸಿದವರ ಹೆಸರು ಎಷ್ಟೋ ಸಲ ಅವರ ಪಟ್ಟಿಯಲ್ಲಿ ಇರುವುದಿಲ್ಲ. ಹೆರಿಗೆಗೆ ಮುಂಚೆಯೇ ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೋ ಸರ್ಕಾರದ ನಮ್ಮ ಕ್ಲಿನಿಕ್‌ಗೋ ಕಾರ್ಡ್ ಒಯ್ದು ವಿಳಾಸ ಬರೆಸಿ, ಆಶಾ ಅವರ ಫೋನ್ ನಂಬರ್ ತೆಗೆದುಕೊಳ್ಳಿ. ನಮ್ಮ ಓಣಿಯಲ್ಲಿ ಕಳೆದ ವರ್ಷ ಹೆತ್ತ ಇನ್ನಿಬ್ಬರನ್ನು ನನಗೆ ಪರಿಚಯ ಮಾಡಿಸಿದ್ದೂ ಅವರೇ.

ಇನ್ನು ಕೂಸು ನೋಡಲು ಬರುವವರು. ಪ್ರೀತಿಯಿಂದ ಬರುತ್ತಾರೆ, ಗುಂಪಾಗಿ ಬರುತ್ತಾರೆ, ಚಹಾ ಕುಡಿಯದೆ ಏಳುವುದಿಲ್ಲ. ಹಗಲು ನಿದ್ದೆಯನ್ನು ತಿಂದದ್ದು ಮಗುವಿಗಿಂತ ಜಾಸ್ತಿ ಇವರೇ. ಆಯಿಗೆ ಕಷ್ಟ ಹೇಳಿಕೊಂಡೆ. ಅವರೇ ಗೇಟಿನಲ್ಲಿ ನಿಂತು "ಸಂಜಿಮುಂದ ಬರ್ರಿ, ಈಗ ಬಾಣಂತಿ ಮಲಗ್ಯಾಳ" ಅನ್ನತೊಡಗಿದರು. ನಾವು ಹೇಳಿದರೆ ಸೊಕ್ಕು, ಹಿರಿಯರು ಹೇಳಿದರೆ ಪದ್ಧತಿ. ಬಂದವರು ಹೇಳುವ "ಬಿಸಿಲಿಗಿ ಎರಡ್ ಚಮಚ ನೀರು ಕುಡಸ್ರಿ" ಅನ್ನುವ ಮಾತಿಗೆ ಮಾತ್ರ ಒಪ್ಪಬೇಡಿ. ಆರು ತಿಂಗಳವರೆಗೆ ಎಂಥ ಬಿಸಿಲಿಗೂ ಎದೆಹಾಲೇ ಸಾಕು. ನೀರು ಕುಡಿಯಬೇಕಾದ್ದು ಅಮ್ಮ. "ಡಾಕ್ಟರು ಬೇಡ ಅಂದಾರ" ಅಂದರೆ ವಾದ ಮುಗಿಯುತ್ತದೆ.

ಗೋಡೆಯ ಮೇಲಿನ ಚೀಟಿ

ರಾತ್ರಿ ಎರಡು ಗಂಟೆಗೆ ತಲೆ ಓಡುವುದಿಲ್ಲ. ಆದ್ದರಿಂದ ಹಗಲೇ ಬರೆದು ಅಂಟಿಸಿ. ರಾತ್ರಿ ಮಕ್ಕಳ ಡಾಕ್ಟರು ಇರುವ ಆಸ್ಪತ್ರೆ ಯಾವುದು ಅಂತ ಹೋಗಿ ಕೇಳಿಕೊಂಡು ಬನ್ನಿ, ಬೋರ್ಡ್ ನಂಬಬೇಡಿ. 108ರ ಜೊತೆಗೆ, ರಾತ್ರಿ ಕರೆದರೆ ಬರುತ್ತೇನೆ ಅಂತ ಒಪ್ಪಿದ ಒಬ್ಬ ಆಟೋದವರ ನಂಬರ್ ಇರಲಿ. ಕಾರು ಇರುವ ಒಬ್ಬ ಸಹೋದ್ಯೋಗಿಯ ನಂಬರೂ ಇರಲಿ. ಅವರಿಗೆ ಮೊದಲೇ ಹೇಳಿಟ್ಟಿರಿ.

ಅದೇ ಚೀಟಿಯಲ್ಲಿ ಯಾವಾಗ ಹೊರಡಬೇಕು ಅನ್ನುವುದೂ ಇರಬೇಕು. ಎರಡು ತಿಂಗಳೊಳಗಿನ ಕೂಸಿಗೆ ಕಂಕುಳಲ್ಲಿ 99.5 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಹಾಲು ಎಳೆಯದೆ ಹೋದರೆ, ಎಬ್ಬಿಸಿದರೂ ಮಂಕಾಗಿದ್ದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ. ಸೆಕೆಗೆ ಮೈ ಬಿಸಿ ಇರಬಹುದು ಅನ್ನುವ ಅನುಮಾನ ಇಲ್ಲಿ ಎಲ್ಲರಿಗೂ ಬರುತ್ತದೆ. ಆಸ್ಪತ್ರೆಗೆ ಹೊರಡುವ ತಯಾರಿ ಮಾಡುತ್ತಲೇ ಬಟ್ಟೆ ಸಡಿಲಿಸಿ ಇನ್ನೊಮ್ಮೆ ನೋಡಿ. ಇಳಿಯದಿದ್ದರೆ ಹೊರಡಿ. ಮಂಕಾಗಿದ್ದರೆ, ಹಾಲು ಬಿಟ್ಟಿದ್ದರೆ ಎರಡನೇ ಸಲ ನೋಡುತ್ತಾ ಕೂರಬೇಡಿ.

ಅಮ್ಮನ ಕಡೆಗೂ ಒಂದು ಕಣ್ಣು

ಹೆರಿಗೆಯಾದ ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಇದೆ, ತಾನಾಗಿ ಹೋಗುತ್ತದೆ. ಅದು ಎರಡು ವಾರ ದಾಟಿಯೂ ಉಳಿದರೆ ಬೇರೆ ಮಾತು. ಪಾಳಿಯಲ್ಲಿ ಇದನ್ನು ಕಂಡುಹಿಡಿಯಲು ಒಂದು ಸುಲಭ ಗುರುತಿದೆ. ಮಗು ಗಂಡನ ಹತ್ತಿರ ಇದೆ, ಕೋಣೆ ತಣ್ಣಗಿದೆ, ಮೈ ಸೋತಿದೆ, ಆದರೂ ಐದು ಗಂಟೆಯೂ ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದಾಳೆ. ಒಂದು ರಾತ್ರಿ ಹೀಗಾದರೆ ಸರಿ. ದಿನವೂ ಹೀಗೇ ಆದರೆ ಅದು ನಿದ್ದೆಯ ಕೊರತೆ ಅಲ್ಲ, ಮನಸ್ಸಿನ ಕಾಯಿಲೆಯ ಶುರು ಇರಬಹುದು. ಹೆರಿಗೆ ಮಾಡಿಸಿದ ಡಾಕ್ಟರಿಗೇ ಹೇಳಬಹುದು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ದಿನದ ಯಾವ ಹೊತ್ತಿನಲ್ಲೂ, ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡುತ್ತಾರೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲ, ಆದರೂ ದಣಿವಿಲ್ಲ. ವಿಪರೀತ ಮಾತು, ಯಾರೋ ಮಗುವನ್ನು ಬದಲಿಸಿದ್ದಾರೆ ಅನ್ನುವಂಥ ವಿಚಿತ್ರ ಸಂಶಯ, ಇಲ್ಲದ ಸದ್ದು ಕೇಳುವುದು. ಗಾಳಿ ಸೋಕಿದೆ, ದೃಷ್ಟಿ ತಾಕಿದೆ ಅಂತ ಸುತ್ತಾಡಿಸುತ್ತಾ ದಿನ ಕಳೆಯಬಾರದು. ಅಮ್ಮ ಮಗು ಇಬ್ಬರನ್ನೇ ಬಿಡದೆ, ಅಮ್ಮನನ್ನು ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸರಿಯಾದ ಔಷಧಿಗೆ ಇದು ವಾಸಿಯಾಗುತ್ತದೆ.

ಅಪ್ಪಂದಿರಿಗೂ ಆಗುತ್ತದೆ. ಇವರು ಒಂದು ವಾರ ಯಾರ ಜೊತೆಯೂ ಮಾತಾಡದೆ, ಸಣ್ಣದಕ್ಕೆಲ್ಲ ರೇಗುತ್ತಿದ್ದರು. ಬೈಕ್ ಓಡಿಸುವಾಗ ಕಣ್ಣು ಮುಚ್ಚಿಹೋಗುತ್ತಿದೆ ಅಂತ ಒಂದು ದಿನ ತಾವೇ ಹೇಳಿದರು. ಆ ವಾರ ಬೈಕ್ ಬಿಟ್ಟು ಆಟೋದಲ್ಲಿ ಹೋದರು. ಎರಡು ರಾತ್ರಿ ಪಾಳಿ ತಿರುಗಿಸಿದೆವು, ಮೊದಲ ನಿದ್ದೆ ಅವರಿಗೆ.

ಜೂನ್ ಬಂದಾಗ

ಕಚೇರಿ ಮತ್ತೆ ಹತ್ತು ಗಂಟೆಗೆ ಬದಲಾಯಿತು. ಮಧ್ಯಾಹ್ನದ ನಿದ್ದೆ ಹೋಯಿತು, ಬೆಳಿಗ್ಗೆ ಎರಡು ಗಂಟೆ ಸಿಕ್ಕಿತು. ಅದಕ್ಕೆ ಇವರ ನಿದ್ದೆಯನ್ನು 1:30ರಿಂದ 7:30ರವರೆಗೆ ಮಾಡಿ, ಆಯಿಯ ಹೊತ್ತನ್ನು ಮಧ್ಯಾಹ್ನ ಮೂರಕ್ಕೆ ತಂದೆವು. ಮಳೆ ಹಿಡಿದ ಮೇಲೆ ಮಾಳಿಗೆಯಿಂದ ಇವರ ಹಾಸಿಗೆ ಹಿಂದಿನ ಕೋಣೆಗೆ ಇಳಿಯಿತು. ಒಬ್ಬರು ಎದ್ದ ಹಾಸಿಗೆಗೆ ಇನ್ನೊಬ್ಬರು ಹೋಗುವುದು, ರೈಲಿನ ಬರ್ತ್ ಥರ.

ಮಗುವಿಗೆ ಮೂರೂವರೆ ತಿಂಗಳಾದಾಗ ಒಂದು ರಾತ್ರಿ ಎಂಟೂವರೆಗೆ ಮಲಗಿದ್ದು ಒಂದು ಗಂಟೆಯವರೆಗೆ ಏಳಲೇ ಇಲ್ಲ. ಇವರು ಉಸಿರಾಡುತ್ತಿದೆಯಾ ಅಂತ ನಾಲ್ಕು ಸಲ ನೋಡಿದರಂತೆ. ಒಂದು ರಾತ್ರಿಯದ್ದನ್ನು ನಂಬಿ ಪಾಳಿ ಬಿಡಬೇಡಿ. ವಾರಪೂರ್ತಿ ಹೀಗೆ ಮಲಗಿದ ಮೇಲೆ ನಾವು ಒಳಲೆ ಹಾಲು ನಿಲ್ಲಿಸಿ, ಪಾಳಿಯವರು ಮಗುವಿನ ಕೋಣೆಯಲ್ಲೇ ಮಲಗಿ ನಿದ್ದೆ ಮಾಡಲು ಶುರು ಮಾಡಿದೆವು. ಹಲ್ಲು ಬರುವಾಗಲೋ ನೆಗಡಿಯಾದಾಗಲೋ ನಾಲ್ಕು ದಿನ ಮತ್ತೆ ಹಳೇ ಪಾಳಿಗೆ ಹೋಗಬೇಕಾಗುತ್ತದೆ. ಕ್ಯಾಲೆಂಡರ್, ಒಳಲೆ ಎರಡನ್ನೂ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರಿ.